ಬಫರ್‌ನಲ್ಲಿ ಸರಿ, ಮಣ್ಣಿನಲ್ಲಿ ತಪ್ಪು: ಪಿಎಚ್ ಎಲೆಕ್ಟ್ರೋಡ್ ಮುದಿಯಾದದ್ದು ತಿಳಿಯುವುದು ಹೇಗೆ?

ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಬೆಳಗಿನ ಮೊದಲ ಕೆಲಸ ಪಿಎಚ್ ಮೀಟರ್ ಕ್ಯಾಲಿಬ್ರೇಷನ್. ಎಲೆಕ್ಟ್ರೋಡನ್ನು 7.00 ಬಫರ್‌ನಲ್ಲಿ ಅದ್ದಿ ಒಮ್ಮೆ ಬಟನ್ ಒತ್ತುತ್ತಾರೆ, ತೊಳೆದು 4.01ರಲ್ಲಿ ಅದ್ದಿ ಮತ್ತೊಮ್ಮೆ ಒತ್ತುತ್ತಾರೆ. ಪರದೆಯ ಮೇಲೆ ಅವೇ ಅಂಕಿಗಳು ಬಂದರೆ ರಿಜಿಸ್ಟರ್‌ನಲ್ಲಿ ಟಿಕ್ ಬೀಳುತ್ತದೆ. ಆದರೆ ಆ ಅಂಕಿಗಳಿಂದ ಎಲೆಕ್ಟ್ರೋಡಿನ ಆರೋಗ್ಯ ಗೊತ್ತಾಗುವುದಿಲ್ಲ. "ಇದು 7, ಇದು 4" ಎಂದು ಮೀಟರ್‌ಗೆ ಈಗಷ್ಟೇ ಹೇಳಿಕೊಟ್ಟವರು ನಾವು, ಅದು ನಾವು ಹೇಳಿದ್ದನ್ನೇ ನಮಗೆ ತೋರಿಸುತ್ತಿರುತ್ತದೆ.

ಗಾಜಿನ ಎಲೆಕ್ಟ್ರೋಡ್ ಕೊಡುವುದು ಪಿಎಚ್ ಅಲ್ಲ, ವೋಲ್ಟೇಜ್. ಪಿಎಚ್ 7ರಲ್ಲಿ ಅದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಆಮ್ಲದ ಕಡೆಗೆ ಹೋದಂತೆ ಧನ, ಕ್ಷಾರದ ಕಡೆಗೆ ಹೋದಂತೆ ಋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಪಿಎಚ್ ವ್ಯತ್ಯಾಸಕ್ಕೆ 59.16 ಮಿಲಿವೋಲ್ಟ್ ಬದಲಾಗಬೇಕು. ಇದೇ ಸ್ಲೋಪ್. ಗಾಜು ಹಳೆಯದಾದಂತೆ ಈ ಬದಲಾವಣೆ ಕುಗ್ಗುತ್ತದೆ. ಕ್ಯಾಲಿಬ್ರೇಷನ್ ಮಾಡುವಾಗ ಮೀಟರ್ ಎರಡು ಬಫರ್‌ಗಳ ವೋಲ್ಟೇಜ್ ತೆಗೆದುಕೊಂಡು ಅವುಗಳ ನಡುವೆ ಒಂದು ಗೆರೆ ಎಳೆದುಕೊಳ್ಳುತ್ತದೆ. ಗೆರೆ ಎಷ್ಟೇ ಓರೆಯಾಗಿರಲಿ, ಆ ಎರಡು ಬಿಂದುಗಳ ಮೇಲೆ ಹಾದುಹೋಗಿಯೇ ತೀರುತ್ತದೆ.

ಹಾಗಾಗಿ ಬಫರ್‌ನಲ್ಲಿ ಅದ್ದಿದಾಗ ಮೀಟರನ್ನು ಒಮ್ಮೆ `mV` ಮೋಡ್‌ಗೆ ಹಾಕಿ ನೋಡಿ. ಒಂದು ಒಳ್ಳೆಯ ಎಲೆಕ್ಟ್ರೋಡ್ 7.00ರಲ್ಲಿ −4, 4.01ರಲ್ಲಿ +171 ತೋರಿಸಿತು ಎನ್ನೋಣ. ವ್ಯತ್ಯಾಸ 175. ಅದನ್ನು 2.99ರಿಂದ ಭಾಗಿಸಿದರೆ 58.5, ಅಂದರೆ ಇರಬೇಕಾದದ್ದರ ಶೇ. 99. ಇನ್ನೊಂದು, ಮುದಿ ಎಲೆಕ್ಟ್ರೋಡ್, 7.00ರಲ್ಲಿ +21, 4.01ರಲ್ಲಿ +174 ತೋರಿಸಿತು. ವ್ಯತ್ಯಾಸ 153, ಸ್ಲೋಪ್ 51.2, ಅಂದರೆ ಶೇ. 86 ಚಿಲ್ಲರೆ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಎರಡೂ ಪರದೆಯ ಮೇಲೆ 7.00 ಮತ್ತು 4.01 ಎಂದೇ ತೋರಿಸುತ್ತವೆ. ಎರಡನೆಯದನ್ನು ಕ್ಯಾಲಿಬ್ರೇಷನ್‌ನಲ್ಲಿ ಬಳಸದ 9.18ರ ಬೋರಾಕ್ಸ್ ಬಫರ್‌ನಲ್ಲಿ ಅದ್ದಿ ನೋಡಿದರೆ ಬಣ್ಣ ಬಯಲಾಗುವುದುಂಟು. ಅಲ್ಲಿ 9.0ರ ಹತ್ತಿರ ನಿಂತುಬಿಟ್ಟರೆ, ಕಪ್ಪು ಮಣ್ಣಿನ ಅಂಕಿಗಳನ್ನು ನಂಬುವ ಹಾಗಿಲ್ಲ. ಆದರೆ ಅದಕ್ಕೂ ಮೊದಲು ಬೋರಾಕ್ಸ್ ಬಫರ್ ಹೊಸದಾಗಿರಬೇಕು. ಕ್ಷಾರದ ಬಫರ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಕೆಳಗಿಳಿಯುತ್ತದೆ, ಆಗ ತಪ್ಪಿಲ್ಲದ ಎಲೆಕ್ಟ್ರೋಡಿನ ಮೇಲೆ ದೂರು ಬರುತ್ತದೆ.

ನಾನು ಇಟ್ಟುಕೊಂಡಿರುವ ಅಳತೆ ಹೀಗೆ: ಸ್ಲೋಪ್ ಶೇ. 95ರಿಂದ 102, 7.00ರಲ್ಲಿ ±30 ಮಿಲಿವೋಲ್ಟ್‌ನೊಳಗೆ ಇದ್ದರೆ ಕೆಲಸಕ್ಕೆ ಸರಿ. 90ರಿಂದ 95ರ ನಡುವೆ ಇದ್ದರೆ ತೊಳೆದು ನೋಡಬೇಕು. ತೊಳೆದ ಮೇಲೂ 90ರ ಕೆಳಗಿದ್ದರೆ ಅದನ್ನು ವರದಿಗೆ ಬಳಸಬಾರದು.

ಸ್ಲೋಪ್‌ಗಿಂತ ಹೆಚ್ಚು ಕಣ್ತಪ್ಪಿಸುವುದು ಎಲೆಕ್ಟ್ರೋಡಿನ ನಿಧಾನ. ಸ್ಲೋಪ್ ಶೇ. 96 ಇದ್ದೂ ಉತ್ತರ ತಲುಪಲು ಮೂರು ನಿಮಿಷ ತೆಗೆದುಕೊಳ್ಳುವ ಎಲೆಕ್ಟ್ರೋಡ್‌ಗಳಿವೆ. ಸಾಲಿನಲ್ಲಿ ಮೊದಲು ವಿಜಯಪುರದ ಕಡೆಯ ಕಪ್ಪು ಮಣ್ಣು, ಅದರ ಹಿಂದೆಯೇ ಮಲೆನಾಡಿನ ಕಾಫಿ ತೋಟದ ಮಣ್ಣು ಇಟ್ಟಿದ್ದೀರಿ ಎಂದುಕೊಳ್ಳಿ. ಎರಡೂ 20 ಗ್ರಾಂ ಮಣ್ಣಿಗೆ 50 ಮಿ.ಲೀ. ನೀರು ಹಾಕಿ ಕಲಕಿದ್ದು. ಕಪ್ಪು ಮಣ್ಣು 8.6 ತೋರಿಸಿತು. ಕಾಫಿ ಮಣ್ಣಿನ ನಿಜವಾದ ಪಿಎಚ್ 5.2. ಅರ್ಧ ನಿಮಿಷಕ್ಕೆ ಮೀಟರ್ 5.7ರಲ್ಲಿದೆ, ಇನ್ನೂ ಮೆಲ್ಲಗೆ ಇಳಿಯುತ್ತಿದೆ. ಬರೆಯುವವರಿಗೆ ಅವಸರ, 5.7 ಎಂದು ಬರೆದರು. ಸುಣ್ಣ ಎಷ್ಟು ಹಾಕಬೇಕು ಎಂಬ ಶಿಫಾರಸು ಆ ಅರ್ಧ ಅಂಕದ ಮೇಲೆಯೇ ನಿಂತಿದೆ. ರೈತರಿಗೆ ಹೋಗುವುದು ಕಡಿಮೆ ಸುಣ್ಣದ ಚೀಟಿ.

ಈ ತಪ್ಪಿಗೆ ಒಂದು ಗುರುತಿದೆ: ಅದು ಯಾವಾಗಲೂ ಹಿಂದಿನ ಸ್ಯಾಂಪಲ್‌ನ ಕಡೆಗೆ ವಾಲುತ್ತದೆ. ಕಪ್ಪು ಮಣ್ಣಿನ ನಂತರ ಬಂದ ಆಮ್ಲ ಮಣ್ಣೆಲ್ಲ ಸ್ವಲ್ಪ ಮೇಲೆ, ಆಮ್ಲ ಮಣ್ಣಿನ ನಂತರ ಬಂದ ಕಪ್ಪು ಮಣ್ಣೆಲ್ಲ ಸ್ವಲ್ಪ ಕೆಳಗೆ. ಅನುಮಾನ ಬಂದರೆ ಅದೇ ಸ್ಯಾಂಪಲ್‌ಗಳ ಕ್ರಮ ತಿರುಗಿಸಿ ಇನ್ನೊಮ್ಮೆ ಓದಿ. ಅಂಕಿ ಬದಲಾದರೆ ದೋಷ ಮಣ್ಣಿನದ್ದಲ್ಲ. ಅಂಕಿ ನಿಂತಿತು ಎಂದು ಚಿಹ್ನೆ ತೋರಿಸಿ ತಾನೇ ಲಾಕ್ ಆಗುವ ಮೀಟರ್‌ಗಳನ್ನು ಇಲ್ಲಿ ಪೂರ್ತಿ ನಂಬಬೇಡಿ. ಬಹಳ ಮೆಲ್ಲಗೆ ಇಳಿಯುವ ಅಂಕಿಯನ್ನು ಅವು ನಿಂತ ಅಂಕಿ ಎಂದೇ ತಿಳಿದುಬಿಡಬಹುದು.

ನಿಧಾನವನ್ನು ಅಳೆಯಲು ಫೋನಿನ ಸ್ಟಾಪ್‌ವಾಚ್ ಸಾಕು. 7.00ರಲ್ಲಿ ನಿಂತ ಎಲೆಕ್ಟ್ರೋಡನ್ನು ತೊಳೆದು, ಟಿಶ್ಯೂ ಪೇಪರ್‌ನಿಂದ ಉಜ್ಜದೆ ಒತ್ತಿ ನೀರು ತೆಗೆದು, 4.01ರಲ್ಲಿ ಅದ್ದಿ ಮಿಲಿವೋಲ್ಟ್ ನೋಡುತ್ತಿರಿ. ಚೆನ್ನಾಗಿರುವುದು ಅರ್ಧ ನಿಮಿಷದೊಳಗೆ ಕೊನೆಯ ಅಂಕಿಗೆ ಒಂದೆರಡು ಮಿಲಿವೋಲ್ಟ್ ಹತ್ತಿರ ಬಂದಿರುತ್ತದೆ. ಒಂದು ನಿಮಿಷ ಕಳೆದರೂ ತೆವಳುತ್ತಲೇ ಇದ್ದರೆ ತೊಂದರೆ ಇದೆ. ಎಲೆಕ್ಟ್ರೋಡ್ ಹೊಸದಾಗಿದ್ದಾಗಲೇ ಈ ಸಮಯವನ್ನು ಬರೆದಿಟ್ಟುಕೊಂಡಿದ್ದರೆ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ.

ತೊಂದರೆ ಇದೆ ಎಂದಾಕ್ಷಣ ಗಾಜನ್ನೇ ದೂರಬೇಡಿ. ಮೊದಲು ಒಳಗಿನ ಕೆಸಿಎಲ್ ದ್ರಾವಣದ ಮಟ್ಟ ನೋಡಿ, ತುಂಬುವ ರಂಧ್ರದ ರಬ್ಬರ್ ಮುಚ್ಚಳ ಅಳೆಯುವಾಗ ತೆಗೆದಿದೆಯೇ ನೋಡಿ. ಆ ದ್ರಾವಣ ಸಣ್ಣ ಸರಂಧ್ರ ತುದಿಯ ಮೂಲಕ ಹೊರಗೆ ಜಿನುಗಬೇಕು, ಆ ತುದಿಗೆ ಜಂಕ್ಷನ್ ಎನ್ನುತ್ತಾರೆ. ಕಪ್ಪು ಮಣ್ಣಿನ ನುಣ್ಣನೆಯ ಜೇಡಿ ಅಲ್ಲಿ ಮೆತ್ತಿಕೊಂಡರೆ ವಿಚಿತ್ರವಾದ ಲಕ್ಷಣ ಕಾಣುತ್ತದೆ: ಬಫರ್‌ನಲ್ಲಿ ಬೇಗ ನಿಲ್ಲುತ್ತದೆ, ಲವಣ ಕಡಿಮೆ ಇರುವ ನೀರಿನಲ್ಲಿ ಅಥವಾ ಮಣ್ಣಿನ ಕದಡಿನಲ್ಲಿ ಅಲೆದಾಡುತ್ತದೆ, ಕಲಕುವುದನ್ನು ನಿಲ್ಲಿಸಿದರೆ ಅಂಕಿಯೇ ಬದಲಾಗುತ್ತದೆ. ಬಫರ್‌ನಲ್ಲೂ ನಿಧಾನವಾದರೆ ಆಗ ಗಾಜಿನ ಮೇಲೆ ಸಂಶಯ ಪಡಬೇಕು. ಇನ್ನೂ ಒಂದು ಸ್ಥಿತಿ ಇದೆ: 7ರಲ್ಲೂ 4ರಲ್ಲೂ ಬಹುತೇಕ ಒಂದೇ ಮಿಲಿವೋಲ್ಟ್ ಬಂದರೆ ಗಾಜು ಬಿರುಕು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಅದಕ್ಕೆ ಔಷಧಿ ಇಲ್ಲ.

ಗಾಜಿನ ಹೊರಮೈಯಲ್ಲಿ ನೀರು ಹೀರಿದ ತೆಳುವಾದ ಪದರ ಇರುತ್ತದೆ, ಹೈಡ್ರೋಜನ್ ಅಯಾನುಗಳ ವ್ಯವಹಾರ ನಡೆಯುವುದು ಅಲ್ಲೇ. ಒಣಗಿದರೆ ಅದು ಕೆಡುತ್ತದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ರಾತ್ರಿಯಿಡೀ ಅದ್ದಿಟ್ಟರೆ ಗಾಜಿನೊಳಗಿನ ಅಯಾನುಗಳು ಕರಗಿ ಹೋಗುತ್ತವೆ, ಒಳಗಿನ ಕೆಸಿಎಲ್ ಕೂಡ ತೆಳುವಾಗುತ್ತದೆ. ಈ ಅಭ್ಯಾಸ ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಇನ್ನೂ ಇದೆ, ಬಿಡಲೇಬೇಕು. ಇಡಬೇಕಾದದ್ದು 3 ಮೋಲಾರ್ ಕೆಸಿಎಲ್‌ನಲ್ಲಿ: 100 ಮಿ.ಲೀ. ದ್ರಾವಣಕ್ಕೆ 22.4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್.

ತೊಳೆಯುವ ಕ್ರಮ ಸರಳ. ಸೌಮ್ಯ ಸೋಪಿನ ನೀರಿನಲ್ಲಿ ಜೇಡಿ ಬಿಡಿಸಿ, 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕಾಲು ಗಂಟೆಯಿಂದ ಅರ್ಧ ಗಂಟೆ ಇಡಿ, ತೊಳೆಯಿರಿ, ಒಳಗಿನ ಹಳೆಯ ಕೆಸಿಎಲ್ ಬದಲಾಯಿಸಿ, ಹೊಸ ಕೆಸಿಎಲ್‌ನಲ್ಲಿ ಕೆಲವು ಗಂಟೆ ನೆನೆಯಲು ಬಿಡಿ. ಆಮೇಲೆ ಸ್ಲೋಪ್ ಮತ್ತು ಸಮಯ ಎರಡನ್ನೂ ಮತ್ತೆ ಅಳೆಯಿರಿ. ಕೊಳೆಯಿಂದ ಆದದ್ದಾದರೆ ಎರಡೂ ಸುಧಾರಿಸುತ್ತವೆ. ವಯಸ್ಸಿನಿಂದ ಆದದ್ದಾದರೆ ಒಂದೆರಡು ದಿನ ಸುಧಾರಿಸಿದಂತೆ ಕಂಡು ಮತ್ತೆ ಹದಗೆಡುತ್ತವೆ. ಹಾಗೆ ಹದಗೆಟ್ಟದ್ದು ಕಂಡ ದಿನ ಪೆಟ್ಟಿಗೆಯಲ್ಲಿರುವ ಹೊಸದನ್ನು ತೆಗೆದು ರಾತ್ರಿಯೇ ಕೆಸಿಎಲ್‌ನಲ್ಲಿ ನೆನೆಹಾಕಿ, ಮರುದಿನ ಬೆಳಿಗ್ಗೆ 7.00ರಿಂದಲೇ ಕ್ಯಾಲಿಬ್ರೇಷನ್ ಶುರು ಮಾಡಿ.