ಸೊನ್ನೆ ಎಲ್ಲಿದೆ ಎಂದು ಮೊದಲು ನೋಡಿ

ವಿಜಯನಗರದ ನಿವೃತ್ತ ಮೇಷ್ಟ್ರೊಬ್ಬರು ಒಂದು ಸಂಜೆ ಪ್ಲಾನಿನ ಕಾಗದ ಹಿಡಿದು ನಮ್ಮ ಆಫೀಸಿಗೆ ಬಂದರು. ಮೂವತ್ತು ನಲವತ್ತರ ಸೈಟು, ಪಾಯದ ಕೆಲಸ ನಡೆಯುತ್ತಿತ್ತು. ಕಾರ್ಪೆಂಟರ್ ವಾರ್ಡ್‌ರೋಬಿಗೆ ಅಡ್ವಾನ್ಸ್ ಕೇಳಿದ್ದ. ಎಷ್ಟು ಅಗಲದ್ದು ಮಾಡಿಸಬೇಕು ಎಂದು ತಿಳಿಯಲು ಇವರು ಮಲಗುವ ಕೋಣೆಯನ್ನು ನಕ್ಷೆಯ ಮೇಲೇ ಅಳೆದು ನೋಡಿ ಗಾಬರಿಯಾಗಿದ್ದರು.

"ಸಾರ್, ಹತ್ತಕ್ಕೆ ಹನ್ನೆರಡು ಅಡಿ ರೂಮು ಅಂದಿದ್ರು. ಲೆಕ್ಕ ಹಾಕಿದ್ರೆ ಎಂಟೂವರೆಗೆ ಹತ್ತು ಬರ್ತಿದೆ. ಮೋಸ ಆಗಿದ್ಯಾ?"

ಅವರ ಕೈಯಲ್ಲಿದ್ದದ್ದು ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ಲಾನಿನ ಪ್ರಿಂಟು. ಎ3 ಹಾಳೆಗೆಂದು ಬರೆದದ್ದನ್ನು ಎ4ಗೆ ಇಳಿಸಿದ್ದರು. ಕೋಣೆಗಳ ಒಳಗೆ ಬರೆದಿದ್ದ ಅಂಕಿಗಳು ಮಸುಕಾಗಿ ಓದಲು ಬರುತ್ತಿರಲಿಲ್ಲ. ಮೂಲೆಯಲ್ಲಿ 'ಸ್ಕೇಲ್ 1:100' ಎಂಬುದು ಮಾತ್ರ ದಪ್ಪಗೆ ಕಾಣುತ್ತಿತ್ತು. ಮೇಷ್ಟ್ರು ಮೊದಲು ಅದನ್ನೇ ನಂಬಿದ್ದರು. ಕೋಣೆಯ ಅಗಲ ಅಡಿಪಟ್ಟಿಯಲ್ಲಿ 21.5 ಮಿಲಿಮೀಟರ್, ಅದರ ನೂರರಷ್ಟು ಎಂದರೆ 2.15 ಮೀಟರ್, ಅಂದರೆ ಏಳೇ ಅಡಿ. ಇದು ಸಾಧ್ಯವಿಲ್ಲ ಎಂದು ಅವರಿಗೇ ಅನ್ನಿಸಿತ್ತು. 1:100 ಎಂದು ಬರೆದ ಮಾತು ಎ3 ಹಾಳೆಯಲ್ಲಿ ಮಾತ್ರ ನಿಜ. ಎ3ಯನ್ನು ಎ4 ಮಾಡಿದಾಗ ಚಿತ್ರ ಸುಮಾರು ಶೇಕಡ 70ಕ್ಕೆ ಕುಗ್ಗುತ್ತದೆ, ಬರೆದ ಅಂಕಿ ಮಾತ್ರ ಹಾಗೇ ಉಳಿದಿರುತ್ತದೆ. ಹಾಗಾಗಿಯೇ ಸ್ಕೇಲ್ ಬಾರ್ ಬೇಕಾಗುವುದು. ಕಪ್ಪು-ಬಿಳಿ ಪಟ್ಟೆಯ ಆ ಉದ್ದ ಗೆರೆ ಚಿತ್ರದ ಜೊತೆಯಲ್ಲೇ ಕುಗ್ಗುತ್ತದೆ, ಚಿತ್ರದ ಜೊತೆಯಲ್ಲೇ ಹಿಗ್ಗುತ್ತದೆ.

ಮೇಷ್ಟ್ರು ಆಮೇಲೆ ಬಾರನ್ನೂ ಅಳೆದಿದ್ದರು. ತಪ್ಪಾದದ್ದು ಅಲ್ಲಿ.

ಬಾರಿನ ಬಲತುದಿಯಲ್ಲಿ 5 ಎಂದಿತ್ತು. ಎಡತುದಿಯಿಂದ ಬಲತುದಿಗೆ 42 ಮಿಲಿಮೀಟರ್. ಐದು ಮೀಟರಿಗೆ 42 ಮಿಲಿಮೀಟರ್ ಎಂದು ಹಿಡಿದರೆ ಕಾಗದದ ಒಂದು ಮಿಲಿಮೀಟರು ನೆಲದ ಮೇಲೆ 119 ಮಿಲಿಮೀಟರ್ ಆಗುತ್ತದೆ. ಆ ಲೆಕ್ಕದಲ್ಲಿ 21.5ಕ್ಕೆ 26 ಮಿಲಿಮೀಟರಿನ ಕೋಣೆ 2.56ಕ್ಕೆ 3.10 ಮೀಟರ್. ಅವರ ಎಂಟೂವರೆಗೆ ಹತ್ತು ಅಡಿ ಬಂದದ್ದು ಹೀಗೆ.

"ಮೇಷ್ಟ್ರೇ, ಸೊನ್ನೆ ಎಲ್ಲಿದೆ ನೋಡಿ" ಎಂದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. ಸೊನ್ನೆ ಎಡತುದಿಯಲ್ಲಿರಲಿಲ್ಲ, ಪಟ್ಟೆಯ ಒಂದು ಮನೆಯಷ್ಟು ಒಳಗಿತ್ತು. ಅದರ ಬಲಕ್ಕೆ 1ರಿಂದ 5ರವರೆಗೆ ಐದು ದೊಡ್ಡ ಮನೆಗಳು. ಎಡಕ್ಕೆ ಇನ್ನೊಂದು ಮೀಟರು, ಅದನ್ನು 20 ಸೆಂಟಿಮೀಟರಿನ ಐದು ಚಿಕ್ಕ ಮನೆಗಳಾಗಿ ಸೀಳಿತ್ತು. ಅಂದರೆ ಇಡೀ ಬಾರು ಆರು ಮೀಟರಿನದು. ಸೊನ್ನೆಯಿಂದ 5ರವರೆಗೆ 35 ಮಿಲಿಮೀಟರ್ ಮಾತ್ರ. ಹಾಗಾದರೆ ಒಂದು ಮಿಲಿಮೀಟರಿಗೆ ಸುಮಾರು 143. ಕೋಣೆ 3.07ಕ್ಕೆ 3.71 ಮೀಟರ್, ಹೆಚ್ಚುಕಮ್ಮಿ ಹತ್ತಕ್ಕೆ ಹನ್ನೆರಡು ಅಡಿ. ಮೇಷ್ಟ್ರ ಮುಖ ಅರಳಿತು.

ಸೊನ್ನೆಯ ಎಡಕ್ಕೆ ಆ ಚಿಕ್ಕ ಮನೆಗಳನ್ನು ಇಟ್ಟಿರುವುದಕ್ಕೆ ಕಾರಣವಿದೆ, ಅದನ್ನು ಕಾಗದದ ಚೂರೊಂದರಿಂದ ತೋರಿಸಿದೆ. ಹಳೆಯ ಲಕೋಟೆಯ ನೇರ ಅಂಚನ್ನು ಬಾರಿನ ಪಕ್ಕಕ್ಕಿಟ್ಟು, ಚೂಪು ಪೆನ್ಸಿಲಿನಲ್ಲಿ ಎಲ್ಲ ಗೀಟುಗಳನ್ನೂ ಅದರ ಮೇಲೆ ಇಳಿಸಿಕೊಂಡೆ. ಆ ಅಂಚನ್ನು ಕೋಣೆಯ ಉದ್ದಕ್ಕೆ ಇಟ್ಟು, 3ರ ಗೀಟು ಬಲಗೋಡೆಗೆ ಸರಿಯಾಗಿ ಕೂರುವಂತೆ ಸರಿಸಿದೆ. ಎಡಗೋಡೆ ಸೊನ್ನೆಯನ್ನು ದಾಟಿ ಚಿಕ್ಕ ಮನೆಗಳ ನಡುವೆ ಬಿತ್ತು. ಮೂರು ಮನೆ ಕಳೆದು ನಾಲ್ಕನೆಯದರ ಅರ್ಧಕ್ಕೆ, ಅಂದರೆ 70 ಸೆಂಟಿಮೀಟರ್. ಒಟ್ಟು 3.70 ಮೀಟರ್. ಪೂರ್ತಿ ಮೀಟರು ಬಲಕ್ಕೆ, ಚಿಲ್ಲರೆ ಎಡಕ್ಕೆ. ಗುಣಾಕಾರವೂ ಬೇಡ, ಕ್ಯಾಲ್ಕುಲೇಟರೂ ಬೇಡ. ಮೊಬೈಲ್ ಪರದೆಯ ಮೇಲೂ ಇದೇ ಉಪಾಯ ನಡೆಯುತ್ತದೆ. ಆದರೆ ಬಾರಿನ ಗೀಟು ಇಳಿಸಿಕೊಂಡ ಮೇಲೆ ಝೂಮ್ ಬದಲಿಸಬಾರದು.

ಬಂದ ಉತ್ತರವನ್ನು ನಂಬುವ ಮುಂಚೆ ಒಂದು ತಾಳೆ ನೋಡಲೇಬೇಕು. ನಾನು ಸೈಟಿನ ಗಡಿಯನ್ನೇ ಹಿಡಿಯುತ್ತೇನೆ, ಏಕೆಂದರೆ ಅದರ ಅಳತೆ ನಮಗೆ ಮೊದಲೇ ಗೊತ್ತು. 30 ಅಡಿ ಎಂದರೆ 9.14 ಮೀಟರ್, ಕಾಗದದ ಮೇಲೆ 64 ಮಿಲಿಮೀಟರ್ ಬರಬೇಕು. ಬಂತು. 40 ಅಡಿ ಎಂದರೆ 12.19 ಮೀಟರ್, 85 ಬರಬೇಕು. ಅದೂ ಬಂತು. ಎರಡು ದಿಕ್ಕಿನಲ್ಲೂ ನೋಡಬೇಕಾದದ್ದು ಬಹಳ ಮುಖ್ಯ. ಬಾರು ಸಾಮಾನ್ಯವಾಗಿ ಅಡ್ಡಕ್ಕೆ ಮಾತ್ರ ಇರುತ್ತದೆ. ಪ್ಲಾನನ್ನು ಮೇಜಿನ ಮೇಲಿಟ್ಟು ಓರೆಯಾಗಿ ಫೋಟೋ ತೆಗೆದಿದ್ದರೆ ಅಡ್ಡದ ಅಳತೆ ಸರಿ ಬಂದು ಉದ್ದದ್ದು ಕುಗ್ಗಿರಬಹುದು. 85 ಬರಬೇಕಾದಲ್ಲಿ 81 ಬಂದರೆ ಆ ಫೋಟೋವನ್ನು ಬಿಟ್ಟು ಮೂಲ ಪಿಡಿಎಫ್ ಕೇಳಿ ತರಿಸಿಕೊಳ್ಳಿ. ಸೈಟಿನ ಗಡಿ ಚಿತ್ರದಲ್ಲಿ ಇಲ್ಲದಿದ್ದರೆ ಕೋಣೆಯ ಬಾಗಿಲನ್ನು ನೋಡಿ. ನಮ್ಮ ಕಡೆ ಮಲಗುವ ಕೋಣೆಯ ಬಾಗಿಲು ಮೂರಡಿ, ಎಂದರೆ 900 ಮಿಲಿಮೀಟರಿನ ಆಸುಪಾಸು. ಬಾರನ್ನು ಎಡತುದಿಯಿಂದ ಅಳೆದ ಮೇಷ್ಟ್ರ ಲೆಕ್ಕದಲ್ಲಿ ಅದೇ ಬಾಗಿಲು 750ಕ್ಕೆ ಇಳಿದುಬಿಡುತ್ತಿತ್ತು, ಅದು ಬಚ್ಚಲಿನ ಬಾಗಿಲಿನ ಅಳತೆ. ಲೆಕ್ಕ ಎಲ್ಲೋ ತಪ್ಪಿದೆ ಎಂದು ಅದೊಂದರಿಂದಲೇ ಹಿಡಿಯಬಹುದಿತ್ತು.

ಅಳೆಯುವಾಗ ಗೋಡೆಯ ಯಾವ ಗೆರೆಯಿಂದ ಯಾವ ಗೆರೆಗೆ ಎಂಬುದನ್ನೂ ನೋಡಿಕೊಳ್ಳಬೇಕು. ಗೋಡೆಗೆ ಎರಡು ಗೆರೆ ಇರುತ್ತವೆ. ಒಳಗೆರೆಯಿಂದ ಒಳಗೆರೆಗೆ ಅಳೆದರೆ ಅದು ಕೋಣೆ. ಹೊರಗೆರೆಗಳನ್ನು ಹಿಡಿದರೆ ಒಂದು ಪಕ್ಕ ಎಂಟಿಂಚಿನ ಬ್ಲಾಕು, ಇನ್ನೊಂದು ಪಕ್ಕ ಆರಿಂಚಿನದು ಸೇರಿ ಕೋಣೆ ಒಂದು ಅಡಿಗಿಂತ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಇಷ್ಟು ಚಿಕ್ಕ ಪ್ರಿಂಟಿನಲ್ಲಿ ಆ ಎರಡು ಗೆರೆಗಳ ನಡುವೆ ಇರುವುದು ಒಂದೂವರೆ ಮಿಲಿಮೀಟರಿಗೂ ಕಡಿಮೆ, ಕಣ್ಣು ಸುಲಭವಾಗಿ ತಪ್ಪುತ್ತದೆ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಕಾಗದದಿಂದ ಇಂಚಿನ ಲೆಕ್ಕ ಕೇಳಬಾರದು. ಅಡಿಪಟ್ಟಿಯಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಈ ಪ್ರಿಂಟಿನಲ್ಲಿ ಅದು 7 ಸೆಂಟಿಮೀಟರ್, ಸುಮಾರು ಮೂರು ಇಂಚು. ಪೆನ್ಸಿಲಿನ ಗೀಟಿನ ದಪ್ಪವೂ ಅಷ್ಟೇ ಇರಬಹುದು. ಮಂಚ ಯಾವ ಗೋಡೆಗೆ ಹಾಕೋಣ, ಬೀರು ಹಿಡಿಸುತ್ತದೆಯೋ ಇಲ್ಲವೋ ಎಂದು ಯೋಚಿಸಲು ಈ ಅಳತೆ ಸಾಕು. ಮರ ಕೊಯ್ಯಿಸಲು ಸಾಲದು. ಬರೆದ ಅಂಕಿಯನ್ನೇ ಹಿಡಿಯಿರಿ, ಚಿತ್ರದ ಮೇಲೆ ಅಳೆಯಬೇಡಿ ಎಂದು ಎಷ್ಟೋ ನಕ್ಷೆಗಳ ಮೇಲೆ ನಾವೇ ಬರೆಯುವುದು ಇದಕ್ಕಾಗಿ. ಸಾಲದ್ದಕ್ಕೆ ನಕ್ಷೆಯ ಗೆರೆ ಬ್ಲಾಕಿನದು, ಅದರ ಮೇಲಿನ ಗಾರೆಯದಲ್ಲ. ಎರಡೂ ಗೋಡೆಗೆ ಅರ್ಧರ್ಧ ಇಂಚು ಗಾರೆ ಬಿದ್ದರೆ ಕೋಣೆಯಿಂದ ಒಂದು ಇಂಚು ಹೋಯಿತು.

ಕಾರ್ಪೆಂಟರಿಗೆ ಅಡ್ವಾನ್ಸ್ ಕೊಡಿ, ಅಳತೆ ಮಾತ್ರ ಈಗ ಕೊಡಬೇಡಿ ಎಂದೆ. ಗಾರೆ ಒಣಗಿದ ಮೇಲೆ ಇಬ್ಬರೂ ಹೋಗಿ ಟೇಪು ಹಿಡಿದೆವು. ಅಗಲ 9 ಅಡಿ 11 ಇಂಚು, ಉದ್ದ 12 ಅಡಿ ಅರ್ಧ ಇಂಚು. ನೆಲದ ಹತ್ತಿರ ಒಮ್ಮೆ, ಎದೆಯೆತ್ತರದಲ್ಲಿ ಒಮ್ಮೆ ಹಿಡಿದು, ಕಡಿಮೆ ಬಂದದ್ದನ್ನು ಮೇಷ್ಟ್ರು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದರು. ವಾರ್ಡ್‌ರೋಬು ಆ ಅಳತೆಗೆ ತಯಾರಾಯಿತು.