ಖಾತೆ ಮುಚ್ಚುವ ಮುನ್ನ ಯೂಟ್ಯೂಬ್ ವಿಡಿಯೊಗಳನ್ನೆಲ್ಲ ಇಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕಿ. 2020ರಿಂದ ಇಲ್ಲಿಯವರೆಗೆ ನನ್ನ ಯೂಟ್ಯೂಬ್ ಚಾನೆಲ್‌ಗೆ 212 ಪಾಠಗಳನ್ನು ಏರಿಸಿದ್ದೇನೆ. ಮೂಲ ಫೈಲುಗಳಿದ್ದ ಲ್ಯಾಪ್‌ಟಾಪ್ ಕೆಟ್ಟುಹೋಗಿದೆ. ಈಗಿನ ಗೂಗಲ್ ಖಾತೆಯನ್ನು ಮುಚ್ಚಿ ಹೊಸದಕ್ಕೆ ಹೋಗಬೇಕೆಂದಿದ್ದೇನೆ. ವಿಡಿಯೊಗಳನ್ನು ಒಂದೊಂದಾಗಿಯೇ ಡೌನ್‌ಲೋಡ್ ಮಾಡಬೇಕೆ?

ಉತ್ತರ: ಬೇಕಿಲ್ಲ. ನಿಮ್ಮ ಪಾಠಗಳ ಮಟ್ಟಿಗೆ ಹಾಗೆ ಮಾಡದಿರುವುದೇ ಒಳ್ಳೆಯದು. ಯೂಟ್ಯೂಬ್ ಸ್ಟುಡಿಯೊದಲ್ಲಿ ಪ್ರತಿ ವಿಡಿಯೊದ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿದರೆ ಡೌನ್‌ಲೋಡ್ ಆಯ್ಕೆ ಸಿಗುತ್ತದೆಯಾದರೂ ಅಲ್ಲಿಂದ ಬರುವುದು 720p ಅಥವಾ 360p ಗುಣಮಟ್ಟದ ಎಂಪಿ4 ಪ್ರತಿ ಮಾತ್ರ. ಮುಖ ಮತ್ತು ಮಾತಷ್ಟೇ ಇರುವ ವಿಡಿಯೊಗೆ ಅದು ಸಾಕಾದೀತು. ಆದರೆ ಕರಿಹಲಗೆಯ ಮೇಲೆ ಬರೆದ x²ನ ಆ ಸಣ್ಣ 2, ಹಿಂದಿನ ಬೆಂಚಿನಷ್ಟು ದೂರದಿಂದ ಚಿತ್ರೀಕರಿಸಿದ್ದಾಗ, 360pಯಲ್ಲಿ ಸುಣ್ಣದ ಚುಕ್ಕೆಯಂತೆ ಕಾಣುತ್ತದೆ. ಮೂಲ ಫೈಲು ನಿಮ್ಮ ಬಳಿ ಇಲ್ಲದಿರುವಾಗ ಈಗ ಇಳಿಸಿಕೊಳ್ಳುವ ಪ್ರತಿಯೇ ಮುಂದೆ ಮೂಲವಾಗಲಿದೆ. ಆದ್ದರಿಂದ ಸಿಗಬಹುದಾದ ಅತ್ಯುತ್ತಮ ಪ್ರತಿಯನ್ನೇ ಪಡೆಯಬೇಕು.

ಅದಕ್ಕಿರುವ ದಾರಿ ಗೂಗಲ್ ಟೇಕ್‌ಔಟ್. ವಿಳಾಸ takeout.google.com. ಇದು ನೀವು ಏರಿಸಿದ ವಿಡಿಯೊಗಳನ್ನೆಲ್ಲ ಒಟ್ಟಾಗಿ, ಮೂಲ ಸ್ವರೂಪದಲ್ಲಿ ಅಥವಾ ಎಂಪಿ4 ಆಗಿ ಕಟ್ಟಿಕೊಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚುವಂತೆ ಮೊದಲೇ ಜಾಗವನ್ನು ಲೆಕ್ಕ ಹಾಕಿಕೊಳ್ಳಿ. ಲೆಕ್ಕ ಸುಲಭವಾಗಲೆಂದು ನಿಮ್ಮ 212 ಪಾಠಗಳು ಒಟ್ಟು 90 ಜಿಬಿ ಇವೆ ಎಂದುಕೊಳ್ಳೋಣ. ವಿಡಿಯೊಗಳು ಜಿಪ್ ಮಾಡಿದರೂ ಹೆಚ್ಚು ಕುಗ್ಗುವುದಿಲ್ಲ. ಜಿಪ್ ಫೈಲಿಗೆ 90, ಬಿಡಿಸಿದ ಮೇಲೆ ಮತ್ತೆ 90, ಒಟ್ಟು 180 ಜಿಬಿ ಜಾಗ ಬೇಕು. 500 ಜಿಬಿಯ ಒಂದು ಹೊರ ಹಾರ್ಡ್ ಡಿಸ್ಕ್ ಇದಕ್ಕೆ ಧಾರಾಳವಾಗಿ ಸಾಕು. ಅದು FAT32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಸ್ಕ್ ಖಾಲಿ ಇರುವಾಗಲೇ exFAT ಮಾಡಿಕೊಳ್ಳಿ.

ಟೇಕ್‌ಔಟ್ ತೆರೆದೊಡನೆ ಮೊದಲು ನೋಡಬೇಕಾದದ್ದು ಬಲ ಮೇಲ್ತುದಿಯಲ್ಲಿರುವ ಖಾತೆಯ ಚಿತ್ರವನ್ನು. ಬಹಳ ಮಂದಿ ಎಡವುವುದು ಇಲ್ಲಿಯೇ. ಚಾನೆಲ್‌ಗೆ ನಿಮ್ಮ ಹೆಸರಿನ ಬದಲು "ಸುಲಭ ಗಣಿತ" ಎಂಬಂಥ ಬೇರೆ ಹೆಸರಿಟ್ಟಿದ್ದರೆ ಅದು ಬ್ರ್ಯಾಂಡ್ ಖಾತೆಯ, ಅಂದರೆ ನಿಮ್ಮ ಸ್ವಂತ ಖಾತೆಯಿಂದ ಬೇರೆಯಾಗಿ ಚಾನೆಲ್‌ನ ಹೆಸರಿನಲ್ಲೇ ಇರುವ ಖಾತೆಯ, ಅಡಿಯಲ್ಲಿರುವ ಸಾಧ್ಯತೆ ಇದೆ. ಲಾಗಿನ್ ನಿಮ್ಮದೇ ಆದರೂ ಟೇಕ್‌ಔಟ್ ಇವೆರಡನ್ನೂ ಬೇರೆ ಬೇರೆ ಖಾತೆಗಳೆಂದೇ ಎಣಿಸುತ್ತದೆ. ಆ ಚಿತ್ರವನ್ನು ಒತ್ತಿ, ಚಾನೆಲ್‌ನ ಹೆಸರು ಅಲ್ಲಿ ಪ್ರತ್ಯೇಕವಾಗಿ ಕಂಡರೆ ಅದಕ್ಕೆ ಬದಲಾಯಿಸಿಕೊಂಡು ಮುಂದುವರಿಯಿರಿ. ತಪ್ಪಿದ್ದು ಹೇಗೆ ಗೊತ್ತಾಗುತ್ತದೆ ಎಂದರೆ, 90 ಜಿಬಿ ಬರಬೇಕಾದ ಕಡೆ ಕೆಲವೇ ಎಂಬಿಯ ಒಂದು ಜಿಪ್ ಫೈಲು ಬಂದಿರುತ್ತದೆ. ಯಾವ ದೋಷಸೂಚನೆಯೂ ಇರುವುದಿಲ್ಲ, "ನಿಮ್ಮ ದತ್ತಾಂಶ ಸಿದ್ಧವಾಗಿದೆ" ಎಂಬ ಇಮೇಲ್ ಕೂಡ ಬಂದಿರುತ್ತದೆ. ಆ ಇಮೇಲ್ ನೋಡಿ ಕೆಲಸ ಮುಗಿಯಿತೆಂದು ಖಾತೆ ಮುಚ್ಚಿದವರ ಪಾಠಗಳು ಮರಳಿ ಸಿಗುವುದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಖಾತೆ ಸರಿಯಾಗಿದೆ ಎಂದು ಖಚಿತವಾದ ಮೇಲೆ "Deselect all" ಒತ್ತಿ, ಪಟ್ಟಿಯ ಕೆಳಭಾಗದಲ್ಲಿರುವ "YouTube and YouTube Music" ಒಂದನ್ನೇ ಆರಿಸಿ. ಅದರೊಳಗೆ "All YouTube data included" ಎಂಬ ಗುಂಡಿ ಇದೆ; ಅಲ್ಲಿಯೂ ಎಲ್ಲವನ್ನೂ ತೆಗೆದು videos ಮತ್ತು playlists ಎರಡನ್ನು ಉಳಿಸಿಕೊಳ್ಳಿ. ಪ್ಲೇಲಿಸ್ಟ್ ಏಕೆಂದರೆ, ಎಂಟನೆಯ ತರಗತಿಯ ಪಾಠಗಳು ಯಾವ ಅನುಕ್ರಮದಲ್ಲಿದ್ದವು ಎಂಬುದು ವಿಡಿಯೊ ಫೈಲಿನಲ್ಲಿ ಇರುವುದಿಲ್ಲ. ಹೊಸ ಚಾನೆಲ್‌ನಲ್ಲಿ ಅದನ್ನು ಮತ್ತೆ ಜೋಡಿಸಲು ಈ ಪಟ್ಟಿಯೇ ಆಧಾರ.

ಮುಂದಿನ ಪುಟದಲ್ಲಿ ಎರಡು ವಿಷಯಗಳನ್ನು ತೀರ್ಮಾನಿಸಬೇಕು. ಮೊದಲನೆಯದು, ಕಟ್ಟು ಎಲ್ಲಿಗೆ ಬರಬೇಕು ಎಂಬುದು. ಇಮೇಲ್ ಮೂಲಕ ಕೊಂಡಿ ಕಳುಹಿಸುವ ಆಯ್ಕೆಯನ್ನೇ ಹಿಡಿಯಿರಿ. ಗೂಗಲ್ ಡ್ರೈವ್‌ಗೆ ಸೇರಿಸುವ ಆಯ್ಕೆಯೂ ಇದೆ, ಆದರೆ ಉಚಿತ ಜಾಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ ಮಾತ್ರ. ಅದಕ್ಕಿಂತ ಮುಖ್ಯವಾಗಿ, ನೀವು ಮುಚ್ಚಲಿರುವ ಖಾತೆಯ ಡ್ರೈವ್‌ನಲ್ಲಿಟ್ಟ ಪ್ರತಿ ಆ ಖಾತೆಯೊಂದಿಗೇ ಅಳಿಸಿಹೋಗುತ್ತದೆ.

ಎರಡನೆಯದು ಕಟ್ಟಿನ ಗಾತ್ರ. 1, 2, 4, 10, 50 ಜಿಬಿ ಎಂಬ ಆಯ್ಕೆಗಳಿವೆ. ಒಂದೇ ಸಲಕ್ಕೆ ಮುಗಿಯಲಿ ಎಂದು ಸಾಮಾನ್ಯವಾಗಿ ಎಲ್ಲರ ಕೈ 50ರ ಕಡೆಗೆ ಹೋಗುತ್ತದೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಐದನೆಯ ಗಂಟೆಯಲ್ಲಿ ಕರೆಂಟ್ ಹೋಗಿ, ಮರಳಿ ಬರುವಷ್ಟರಲ್ಲಿ ಡೌನ್‌ಲೋಡ್ ಮೊದಲಿನಿಂದ ಶುರುವಾಗಿತ್ತು. ಮನೆಯ ಸಂಪರ್ಕದ ವೇಗ ಸೆಕೆಂಡಿಗೆ 20 ಮೆಗಾಬಿಟ್ ಇದ್ದರೆ 10 ಜಿಬಿಯ ಒಂದು ಕಟ್ಟು ಇಳಿಯಲು ಸುಮಾರು ಒಂದು ಗಂಟೆ ಏಳು ನಿಮಿಷ ಬೇಕು, 50 ಜಿಬಿಯ ಕಟ್ಟಿಗೆ ಐದೂವರೆ ಗಂಟೆಗೂ ಹೆಚ್ಚು. ನಡುವೆ ಸಂಪರ್ಕ ಕಡಿದರೆ ಮೊದಲನೆಯದರಲ್ಲಿ ನಷ್ಟವಾಗುವುದು ಹೆಚ್ಚೆಂದರೆ ಒಂದು ಗಂಟೆ. ಇದರ ಜೊತೆಗೆ ಕಟ್ಟಿನ ಕೊಂಡಿ ಸುಮಾರು 7 ದಿನ ಮಾತ್ರ ಜೀವಂತವಾಗಿರುತ್ತದೆ, ಒಂದು ಕಟ್ಟನ್ನು 5 ಸಲಕ್ಕಿಂತ ಹೆಚ್ಚು ಇಳಿಸಿಕೊಳ್ಳಲು ಬಿಡುವುದಿಲ್ಲ. ಆದ್ದರಿಂದ ನಿಮಗೆ 10 ಜಿಬಿಯ 9 ಕಟ್ಟುಗಳು ಸೂಕ್ತ. ದಿನಕ್ಕೆ 2 ಜಿಬಿ ಮಿತಿಯ ಮೊಬೈಲ್ ಡೇಟಾ ಒಂದನ್ನೇ ನಂಬಿದ್ದರೆ ಈ ಕೆಲಸ ಏಳು ದಿನದೊಳಗೆ ಮುಗಿಯುವುದಿಲ್ಲ. ಬ್ರಾಡ್‌ಬ್ಯಾಂಡ್ ಇರುವ ಬಂಧುಗಳ ಮನೆಯಲ್ಲಿ ಕೂತು ಮಾಡುವುದೇ ಸರಿ. ಕಟ್ಟು ಸಿದ್ಧವಾಗಲು ಕೆಲವು ಗಂಟೆ, ಕೆಲವೊಮ್ಮೆ ಕೆಲವು ದಿನ ಹಿಡಿಯುವುದರಿಂದ ಊರಿಗೆ ಹೊರಡುವ ಮುನ್ನಾದಿನ ಕೋರಿಕೆ ಸಲ್ಲಿಸಬೇಡಿ.

ಈ ಒಂಬತ್ತು ಕಟ್ಟುಗಳೂ ಸ್ವತಂತ್ರ ಜಿಪ್ ಫೈಲುಗಳು. ಒಂದನ್ನು ತೆರೆಯಲು ಇನ್ನೊಂದು ಬೇಕಿಲ್ಲ, ಆದರೆ ವಿಡಿಯೊಗಳು ಎಲ್ಲದರಲ್ಲೂ ಹಂಚಿಹೋಗಿರುತ್ತವೆ. ವಿಂಡೋಸ್‌ನಲ್ಲಿ ಬಿಡಿಸುವಾಗ D:\yt ಎಂಬಂಥ ಚಿಕ್ಕ ಹೆಸರಿನ ಒಂದೇ ಫೋಲ್ಡರ್‌ಗೆ ಎಲ್ಲವನ್ನೂ ಬಿಡಿಸಿ. ಫೋಲ್ಡರ್ ಹೆಸರು, ಫೈಲಿನ ಹೆಸರು ಎಲ್ಲ ಸೇರಿ 260 ಅಕ್ಷರ ದಾಟಿದರೆ ವಿಂಡೋಸ್ ತಕರಾರು ತೆಗೆಯುತ್ತದೆ. ಡೆಸ್ಕ್‌ಟಾಪ್‌ನೊಳಗಿನ ಫೋಲ್ಡರ್‌ನೊಳಗಿನ ಫೋಲ್ಡರ್, ಮೇಲೆ ಉದ್ದನೆಯ ಶೀರ್ಷಿಕೆ ಎಂದಾದರೆ ಅದು ಬೇಗ ದಾಟುತ್ತದೆ. ಬಿಡಿಸುವಾಗ "ಈ ಹೆಸರಿನ ಫೈಲು ಆಗಲೇ ಇದೆ" ಎಂಬ ಪ್ರಶ್ನೆ ಬಂದರೆ Replace ಒತ್ತಬೇಡಿ. ಎರಡು ಬೇರೆ ತರಗತಿಗಳಿಗೆ "ಪಾಠ 1" ಎಂದೇ ಹೆಸರಿಟ್ಟಿದ್ದರೆ ಒಂದು ಇನ್ನೊಂದನ್ನು ನುಂಗಿಬಿಡಬಹುದು. ಅಂಥ ಕಟ್ಟನ್ನು ಬೇರೆ ಫೋಲ್ಡರ್‌ಗೆ ಬಿಡಿಸಿ.

ಇನ್ನು ಎಣಿಕೆ. ಸ್ಟುಡಿಯೊದ "Content" ಪುಟದಲ್ಲಿ Videos, Shorts, Live ಎಂಬ ವಿಭಾಗಗಳಿವೆ. ಮೂರನ್ನೂ ಕೂಡಿಸಿ ಬರುವ ಸಂಖ್ಯೆ ನಿಮ್ಮ ನಿಜವಾದ ಒಟ್ಟು. ಚಾನೆಲ್ ಪುಟದಲ್ಲಿ ಎಲ್ಲರಿಗೂ ಕಾಣುವ ಸಂಖ್ಯೆಯಲ್ಲಿ ಖಾಸಗಿ ವಿಡಿಯೊಗಳು ಸೇರಿರುವುದಿಲ್ಲವಾದ್ದರಿಂದ ಅದನ್ನು ನೆಚ್ಚಬಾರದು. ಫೋಲ್ಡರ್‌ನಲ್ಲಿ 212ರ ಬದಲು 209 ಬಂದಿವೆ ಎನ್ನೋಣ. ಯಾವ ಮೂರು ತಪ್ಪಿಹೋದವು ಎಂದು ತಿಳಿಯಲು ಟೇಕ್‌ಔಟ್ ಜೊತೆಗೇ ಕೊಡುವ videos.csv ಎಂಬ ಪಟ್ಟಿಯನ್ನು ತೆರೆಯಬೇಕು. ಪ್ರತಿ ವಿಡಿಯೊದ ಶೀರ್ಷಿಕೆ, ಗುರುತುಸಂಖ್ಯೆ, ಅವಧಿ ಅದರಲ್ಲಿವೆ. ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಶೀರ್ಷಿಕೆಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡು ಫೈಲೇ ಕೆಟ್ಟಿದೆಯೆಂಬ ಭಯ ಹುಟ್ಟಬಹುದು. ಫೈಲು ಕೆಟ್ಟಿರುವುದಿಲ್ಲ, Data ವಿಭಾಗದಲ್ಲಿ "From Text/CSV" ಆರಿಸಿ, ಎನ್‌ಕೋಡಿಂಗ್ "65001: Unicode (UTF-8)" ಎಂದು ಕೊಟ್ಟರೆ ಅಕ್ಷರಗಳು ಸರಿಯಾಗುತ್ತವೆ. ಉದ್ದದ ಶೀರ್ಷಿಕೆಗಳು ಫೈಲಿನ ಹೆಸರಿನಲ್ಲಿ ಮೊಟಕಾಗಿರುವುದರಿಂದ ಹೆಸರಿಗಿಂತ ಅವಧಿಯನ್ನು ಹೋಲಿಸುವುದು ಹೆಚ್ಚು ವಿಶ್ವಾಸಾರ್ಹ. ಅಲ್ಲಿ ಅವಧಿ ಮಿಲಿಸೆಕೆಂಡಿನಲ್ಲಿರುತ್ತದೆ: 754000 ಎಂದಿದ್ದರೆ ಸಾವಿರದಿಂದ ಭಾಗಿಸಿ 754 ಸೆಕೆಂಡು, ಅಂದರೆ 12 ನಿಮಿಷ 34 ಸೆಕೆಂಡು. ನಿಮ್ಮ ಫೈಲು 7 ನಿಮಿಷಕ್ಕೇ ನಿಂತರೆ ಆ ಕಟ್ಟು ಪೂರ್ತಿ ಇಳಿದಿಲ್ಲ.

ತಪ್ಪಿಹೋದವುಗಳನ್ನು ಸ್ಟುಡಿಯೊದಿಂದ ಒಂದೊಂದಾಗಿ ತರಬಹುದು, ಆದರೆ ಅದಕ್ಕೆ ಮೊದಲು ಟೇಕ್‌ಔಟ್‌ನಲ್ಲಿ ಇನ್ನೊಮ್ಮೆ ಕೋರಿಕೆ ಸಲ್ಲಿಸಿ ನೋಡಿ. ಹಕ್ಕುಸ್ವಾಮ್ಯದ ದೂರಿನಿಂದ ಯೂಟ್ಯೂಬ್ ತೆಗೆದುಹಾಕಿದ ವಿಡಿಯೊ ಸ್ಟುಡಿಯೊದಿಂದ ಇಳಿಯುವುದಿಲ್ಲ.

ಎಣಿಕೆ ಸರಿಹೋದ ಮೇಲೆ ಹತ್ತಿಪ್ಪತ್ತು ಪಾಠಗಳನ್ನು ವಿಎಲ್‌ಸಿಯಲ್ಲಿ ತೆರೆದು, ಮೊದಲು, ನಡುವೆ, ಕೊನೆಯಲ್ಲಿ ಸ್ವಲ್ಪ ಸ್ವಲ್ಪ ನೋಡಿ. Ctrl+J ಒತ್ತಿದರೆ ಚಿತ್ರದ ಅಳತೆ ಕಾಣುತ್ತದೆ. 1920x1080ರಲ್ಲಿ ಏರಿಸಿದ್ದ ಪಾಠ ಅಷ್ಟೇ ಅಳತೆಯಲ್ಲಿ ಬಂದಿದೆಯೇ ಎಂದು ಅಲ್ಲಿ ತಿಳಿಯುತ್ತದೆ. ಕಂಪ್ಯೂಟರ್ ಬಲ್ಲವರು ಮನೆಯಲ್ಲಿದ್ದರೆ ಒಂದು ಫೈಲನ್ನು ಆದ್ಯಂತ ಪರೀಕ್ಷಿಸಲು ಈ ಸಾಲನ್ನು ಕೊಡಿ:

```
ffmpeg -v error -i paatha45.mp4 -f null -
```

ಏನೂ ಮುದ್ರಿಸದೆ ಮುಗಿದರೆ ಫೈಲಿನಲ್ಲಿ ದೋಷ ಕಂಡುಬಂದಿಲ್ಲ ಎಂದರ್ಥ.

ಒಂದು ವಿಷಯವನ್ನು ಮಾತ್ರ ಯಾವ ಕಟ್ಟೂ ತಂದುಕೊಡಲಾರದು. ಅದೇ ಫೈಲನ್ನು ಹೊಸ ಚಾನೆಲ್‌ಗೆ ಏರಿಸಿದರೂ ಹಳೆಯ ವೀಕ್ಷಣೆಗಳ ಸಂಖ್ಯೆ ಬರುವುದಿಲ್ಲ, ಮಕ್ಕಳು ಬರೆದ ಪ್ರತಿಕ್ರಿಯೆಗಳು ವಿಡಿಯೊದ ಕೆಳಗೆ ಮತ್ತೆ ಮೂಡುವುದಿಲ್ಲ, ಕೊಂಡಿ ಹೊಸದಾಗುತ್ತದೆ. ಶಾಲೆಯ ವಾಟ್ಸಾಪ್ ಗುಂಪುಗಳಲ್ಲಿ ಹಂಚಿದ ಹಳೆಯ ಕೊಂಡಿಗಳೆಲ್ಲ ಸತ್ತುಹೋಗುತ್ತವೆ. ಕೆಲವು ಪ್ರತಿಕ್ರಿಯೆಗಳು ನಿಮಗೆ ಅಮೂಲ್ಯವಾಗಿದ್ದರೆ ಈಗಲೇ ಆ ಪುಟಗಳನ್ನು ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಕೊನೆಗೆ ಮುಚ್ಚುವ ಕೆಲಸ. ಡಿಸ್ಕ್‌ನಲ್ಲಿರುವುದನ್ನು ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿ, ಅದನ್ನು ಮಗಳ ಅಥವಾ ತಮ್ಮನ ಮನೆಯಲ್ಲಿಡಿ. ಆಮೇಲೆಯೂ ಖಾತೆಯನ್ನು ಒಮ್ಮೆಲೇ ಅಳಿಸುವ ಅಗತ್ಯವಿಲ್ಲ: ಸ್ಟುಡಿಯೊದ Settings, Channel, "Advanced settings" ಒಳಗಿನ "Remove YouTube content" ಎಂಬಲ್ಲಿ ಚಾನೆಲ್ಲನ್ನು ಶಾಶ್ವತವಾಗಿ ಅಳಿಸುವ ಆಯ್ಕೆಯ ಜೊತೆಗೆ ತಾತ್ಕಾಲಿಕವಾಗಿ ಮರೆಮಾಡುವ ಆಯ್ಕೆಯೂ ಇದೆ. ಗೂಗಲ್ ಖಾತೆಯನ್ನೇ ಅಳಿಸಿದರೆ ಜಿಮೇಲ್ ಮತ್ತು ಫೋಟೋಗಳೂ ಹೋಗುತ್ತವೆ. ಪಿಂಚಣಿಗೋ ಬ್ಯಾಂಕಿಗೋ ಆ ಇಮೇಲ್ ಕೊಟ್ಟಿದ್ದರೆ ಮೊದಲು ಅಲ್ಲೆಲ್ಲ ಬದಲಾಯಿಸಬೇಕಾಗುತ್ತದೆ. ಮರೆಮಾಡಿ ಎರಡು ಮೂರು ತಿಂಗಳು ಬಿಡಿ. ಹೊಸ ಚಾನೆಲ್‌ಗೆ 212 ಪಾಠಗಳೂ ಏರಿ, ಅಲ್ಲಿ ಸರಿಯಾಗಿ ಓಡುತ್ತಿವೆ ಎಂದು ನೀವೇ ನೋಡಿದ ಮೇಲೆ ಹಳೆಯದನ್ನು ಅಳಿಸಿ.