‘ಬಂದರೂ’ ಎಂದ ಮೇಲೆ ‘ಆದರೆ’ ಏಕೆ?

ಓದುಗರ ಪ್ರಶ್ನೆ: ‘ಮಳೆ ಸುರಿಯುತ್ತಿದ್ದರೂ, ಆದರೆ ಆಟ ನಿಲ್ಲಲಿಲ್ಲ’ ಎಂದು ಬರೆದಾಗ ‘ಆದರೆ’ಯನ್ನು ಹೊಡೆದುಹಾಕುತ್ತಾರೆ. ‘ಸಭೆಯನ್ನು ಮುಂದೂಡಲಾಯಿತು, ಏಕೆಂದರೆ ಅಧ್ಯಕ್ಷರು ಬಾರದಿದ್ದುದರಿಂದ’ ಎಂಬ ವಾಕ್ಯವೂ ತಪ್ಪು ಎನ್ನುತ್ತಾರೆ. ಎರಡೂ ಕಡೆ ಅರ್ಥ ಸ್ಪಷ್ಟವಾಗಿಯೇ ಇದೆ. ಹಾಗಿದ್ದ ಮೇಲೆ ತಪ್ಪು ಎಲ್ಲಿದೆ? ಎರಡರಲ್ಲಿ ಯಾವ ಪದವನ್ನು ಉಳಿಸಿಕೊಳ್ಳಬೇಕು?

ಉತ್ತರ: ಅರ್ಥ ತಿಳಿಯುತ್ತದೆ ಎಂಬುದು ನಿಜ. ಆದರೆ ಈ ಎರಡೂ ವಾಕ್ಯಗಳಲ್ಲಿ ಒಂದೇ ಕೀಲಿಗೆ ಎರಡು ಮೊಳೆಗಳನ್ನು ಹೊಡೆಯಲಾಗಿದೆ. ಇದು ಹೇಗಾಯಿತೆಂದು ತಿಳಿಯಬೇಕಾದರೆ, ಕನ್ನಡವು ಎರಡು ಮಾತುಗಳನ್ನು ಯಾವ ಬಗೆಯಲ್ಲಿ ಜೋಡಿಸುತ್ತದೆ ಎಂಬುದನ್ನು ಮೊದಲು ನೋಡಬೇಕು.

ಕನ್ನಡದಲ್ಲಿ ಜೋಡಿಸುವ ಕೆಲಸ ಬಹುಮಟ್ಟಿಗೆ ಕ್ರಿಯಾಪದದ ಒಳಗೇ ನಡೆದುಹೋಗುತ್ತದೆ. ‘ಸುರಿಯುತ್ತಿದ್ದರೂ’ ಎಂಬುದರ ಕೊನೆಯಲ್ಲಿರುವ ‘ರೂ’ ಎಂಬ ತುದಿಯೇ ‘ಹೀಗಿತ್ತು, ಆದರೆ ಮುಂದೆ ನಡೆದದ್ದು ಬೇರೆ’ ಎಂಬ ಪೂರ್ತಿ ವಿರೋಧವನ್ನು ಹೊತ್ತುಕೊಂಡಿದೆ. ‘ಬಾರದಿದ್ದುದರಿಂದ’ ಎಂಬಲ್ಲಿನ ‘ಇಂದ’ ಕಾರಣವನ್ನು ಹೊತ್ತುಕೊಂಡಿದೆ. ಇಂಥ ರೂಪ ಬಂದ ಕೂಡಲೇ ಆ ಭಾಗ ಸ್ವತಂತ್ರವಾಗಿ ನಿಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ‘ಮಳೆ ಸುರಿಯುತ್ತಿದ್ದರೂ’ ಎಂದು ಹೇಳಿ ಸುಮ್ಮನಾದರೆ ಕೇಳುವವರು ಮುಂದಿನ ಮಾತಿಗಾಗಿ ಕಾಯುತ್ತಾರೆ.

ಇದಕ್ಕೆ ಎದುರಾಗಿ ‘ಆದರೆ’, ‘ಆದ್ದರಿಂದ’, ‘ಏಕೆಂದರೆ’ ಎಂಬ ಬಿಡಿ ಪದಗಳಿವೆ. ಇವು ಮುಗಿದ ಮಾತಿಗೆ ಇನ್ನೊಂದು ಮುಗಿದ ಮಾತನ್ನು ಜೋಡಿಸುತ್ತವೆ. ‘ಮಳೆ ಸುರಿಯುತ್ತಿತ್ತು’ ಎಂಬುದು ಮುಗಿದ ಮಾತು. ‘ಆಟ ನಿಲ್ಲಲಿಲ್ಲ’ ಎಂಬುದೂ ಮುಗಿದ ಮಾತು. ಇವೆರಡರ ನಡುವೆ ‘ಆದರೆ’ ಬರುವುದು ನ್ಯಾಯವಾಗಿದೆ. ವ್ಯಾಕರಣ ಪುಸ್ತಕಗಳು ಹೇಳುವ ಸಂಯೋಜಿತ ವಾಕ್ಯವೆಂದರೆ ಇದೇ, ಮಿಶ್ರ ವಾಕ್ಯವೆಂದರೆ ‘ಸುರಿಯುತ್ತಿದ್ದರೂ ಆಟ ನಿಲ್ಲಲಿಲ್ಲ’ ಎಂಬಂಥದು. ನೀವು ಬರೆದ ವಾಕ್ಯ ಮಿಶ್ರ ವಾಕ್ಯದಂತೆ ಆರಂಭವಾಗಿ, ನಡುವೆ ಮನಸ್ಸು ಬದಲಿಸಿ, ಸಂಯೋಜಿತ ವಾಕ್ಯದಂತೆ ಮುಗಿದಿದೆ.

ಈ ಬಿಡಿ ಪದಗಳ ಹುಟ್ಟನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ‘ಆದರೆ’, ‘ಆದರೂ’, ‘ಆದ್ದರಿಂದ’ ಇವೆಲ್ಲವೂ ‘ಆಗು’ ಎಂಬ ಕ್ರಿಯಾಪದದ ರೂಪಗಳೇ. ‘ಆದ್ದರಿಂದ’ ಎಂದರೆ ‘ಆದುದರಿಂದ’, ಅಂದರೆ ‘ಈಗ ಹೇಳಿದ್ದು ಹಾಗೆ ಆದುದರಿಂದ’. ‘ಆದರೂ’ ಎಂದರೆ ‘ಅದು ಹಾಗೆ ಆದರೂ’. ಹಿಂದಿನ ವಾಕ್ಯ ಪೂರ್ಣ ಕ್ರಿಯಾಪದದಲ್ಲಿ ಮುಗಿದುಹೋಗಿರುವಾಗ, ಅದನ್ನು ‘ಆಗು’ ಎಂಬ ಒಂದೇ ಮಾತಿನಲ್ಲಿ ಮತ್ತೆ ಎತ್ತಿಕೊಂಡು, ಆ ಮಾತಿಗೆ ‘ರೂ’ ಅಥವಾ ‘ಇಂದ’ವನ್ನು ಹಚ್ಚುವ ಉಪಾಯವಿದು. ಹೀಗಾಗಿ ‘ಜ್ವರ ಬಂದುದರಿಂದ, ಆದ್ದರಿಂದ ಅವನು ಬರಲಿಲ್ಲ’ ಎಂದು ಬರೆದವರು ‘ಬಂದುದರಿಂದ, ಬಂದುದರಿಂದ’ ಎಂದು ಎರಡು ಸಲ ಹೇಳಿದಂತಾಗುತ್ತದೆ. ಕನ್ನಡದ ಮಟ್ಟಿಗೆ ಈ ದೋಷದ ಮೂಲ ಇಷ್ಟೇ ಎಂದು ನನಗೆ ಅನ್ನಿಸುತ್ತದೆ.

‘ಏಕೆಂದರೆ’ಯ ವಿಷಯ ಸ್ವಲ್ಪ ಬೇರೆ, ಮತ್ತು ಹೆಚ್ಚು ಕುತೂಹಲದ್ದು. ಅದು ‘ಏಕೆ ಎಂದರೆ’ ಎಂಬುದರ ಕೂಡುರೂಪ. ಬರೆಯುವವರು ತಾವೇ ‘ಏಕೆ’ ಎಂಬ ಪ್ರಶ್ನೆಯನ್ನು ಕೇಳಿ, ತಾವೇ ಉತ್ತರ ಕೊಡುತ್ತಾರೆ. ಮಾತಿನಲ್ಲಿ ‘ನಿನ್ನೆ ಏಕೆ ಬರಲಿಲ್ಲ?’ ಎಂದು ಯಾರಾದರೂ ಕೇಳಿದರೆ ‘ಜ್ವರ ಇದ್ದುದರಿಂದ’ ಎಂದು ಉತ್ತರಿಸುವುದು ತೀರ ಸಹಜ, ಏಕೆಂದರೆ ‘ಬರಲಿಲ್ಲ’ ಎಂಬ ಕ್ರಿಯಾಪದ ಪ್ರಶ್ನೆಯಲ್ಲಿಯೇ ಸಿಕ್ಕಿದೆ. ‘ಏಕೆಂದರೆ ಅಧ್ಯಕ್ಷರು ಬಾರದಿದ್ದುದರಿಂದ’ ಎಂಬ ಬರಹ ಬರುವುದು ಈ ಮಾತಿನ ಅಭ್ಯಾಸದಿಂದಲೇ. ಬರಹದಲ್ಲಿ ಅದು ಕಾಲೂರುವುದಿಲ್ಲ. ‘ಇಂದ’ ಎಂದು ಕೊನೆಗೊಂಡ ಕೂಡಲೇ ಓದುವವರ ಕಣ್ಣು ಮುಂದಿನ ಕ್ರಿಯಾಪದವನ್ನು ಹುಡುಕುತ್ತದೆ, ಸಿಗುವುದು ಪೂರ್ಣವಿರಾಮ ಮಾತ್ರ. ಆದ್ದರಿಂದ ‘ಏಕೆಂದರೆ’ಯ ನಂತರ ಬರುವ ಭಾಗ ಪೂರ್ಣ ಕ್ರಿಯಾಪದದಲ್ಲಿಯೇ ಮುಗಿಯಬೇಕು: ‘ಸಭೆಯನ್ನು ಮುಂದೂಡಲಾಯಿತು, ಏಕೆಂದರೆ ಅಧ್ಯಕ್ಷರು ಬಂದಿರಲಿಲ್ಲ.’

ಇನ್ನು ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ. ವ್ಯಾಕರಣದ ದೃಷ್ಟಿಯಿಂದ ಯಾವುದಾದರೂ ಸರಿಯೇ, ಆದರೆ ಒತ್ತು ಬೀಳುವ ಜಾಗ ಬದಲಾಗುತ್ತದೆ. ‘ಮಳೆ ಸುರಿಯುತ್ತಿದ್ದರೂ ಆಟ ನಿಲ್ಲಲಿಲ್ಲ’ ಎಂದಾಗ ಮಳೆ ಹಿನ್ನೆಲೆಗೆ ಸರಿಯುತ್ತದೆ, ಆಟವೇ ಸುದ್ದಿಯಾಗುತ್ತದೆ. ‘ಮಳೆ ಸುರಿಯುತ್ತಿತ್ತು, ಆದರೆ ಆಟ ನಿಲ್ಲಲಿಲ್ಲ’ ಎಂದಾಗ ಮಳೆಗೂ ಅದರದೇ ತೂಕ ಸಿಗುತ್ತದೆ. ಓದುಗರಿಗೆ ಮೊದಲೇ ಗೊತ್ತಿರುವ ಸಂಗತಿಯನ್ನು ‘ರೂ’ ರೂಪದಲ್ಲಿಯೂ, ಹೊಸದಾಗಿ ಹೇಳುವ ಸಂಗತಿಯನ್ನು ಪೂರ್ಣ ಕ್ರಿಯಾಪದದಲ್ಲಿಯೂ ಇಡುವುದು ಒಳ್ಳೆಯದು. ಕಾರಣದ ವಾಕ್ಯಗಳಲ್ಲಿಯೂ ಹೀಗೆಯೇ. ಕಾರಣ ಎಲ್ಲರಿಗೂ ತಿಳಿದಿದ್ದರೆ ‘ಅಧ್ಯಕ್ಷರು ಬಾರದಿದ್ದುದರಿಂದ ಸಭೆಯನ್ನು ಮುಂದೂಡಲಾಯಿತು’ ಎಂಬುದು ಸಾಕು. ಮುಂದೂಡಿದ್ದು ತಿಳಿದಿದ್ದು, ಕಾರಣವೇ ಹೊಸದಾಗಿದ್ದರೆ ‘ಏಕೆಂದರೆ’ಯ ವಾಕ್ಯ ಮೇಲು.

ಈಗ ಕಚೇರಿಯ ಪತ್ರಗಳಲ್ಲಿ ಕಾಣುವಂಥ ಒಂದು ಉದ್ದನೆಯ ವಾಕ್ಯವನ್ನು ತೆಗೆದುಕೊಳ್ಳೋಣ. ‘ಕಾಮಗಾರಿಗೆ ಅನುಮೋದನೆ ದೊರೆತು ಆರು ತಿಂಗಳು ಕಳೆದಿದ್ದರೂ ಸಹ, ಆದರೆ ಗುತ್ತಿಗೆದಾರರು ಕೆಲಸವನ್ನು ಆರಂಭಿಸಿರುವುದಿಲ್ಲ, ಏಕೆಂದರೆ ಜಾಗದ ಅಳತೆ ಪೂರ್ಣಗೊಂಡಿಲ್ಲ, ಆದ್ದರಿಂದ ಸದರಿ ಕೆಲಸವು ವಿಳಂಬವಾಗಿರುತ್ತದೆ.’

ಇದರಲ್ಲಿ ನಾಲ್ಕು ಸಂಗತಿಗಳಿವೆ: ಆರು ತಿಂಗಳು ಕಳೆದದ್ದು, ಕೆಲಸ ಆರಂಭವಾಗದಿರುವುದು, ಅಳತೆ ಮುಗಿಯದಿರುವುದು, ವಿಳಂಬವಾದದ್ದು. ನಾಲ್ಕು ಸಂಗತಿಗಳ ನಡುವೆ ಇರುವುದು ಮೂರೇ ಕೀಲು. ಜೋಡಿಸುವ ಮಾತುಗಳು ಮಾತ್ರ ನಾಲ್ಕಿವೆ: ‘ರೂ’, ‘ಆದರೆ’, ‘ಏಕೆಂದರೆ’, ‘ಆದ್ದರಿಂದ’. ಹೆಚ್ಚಾದದ್ದು ಮೊದಲ ಕೀಲಿನಲ್ಲಿದೆ, ಅಲ್ಲಿನ ‘ಆದರೆ’ಯನ್ನು ತೆಗೆದರೆ ಎಣಿಕೆ ಸರಿಹೋಗುತ್ತದೆ. ‘ರೂ ಸಹ’ ಎಂಬುದನ್ನು ನಾನು ದೋಷಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಸಹ’, ‘ಕೂಡ’ ಎಂಬವು ‘ರೂ’ವಿನಲ್ಲಿರುವ ಒತ್ತನ್ನೇ ಬಲಪಡಿಸುತ್ತವೆಯೇ ಹೊರತು ಹೊಸ ಜೋಡಣೆಯನ್ನು ಮಾಡುವುದಿಲ್ಲ. ಅವಿಲ್ಲದಿದ್ದರೆ ವಾಕ್ಯ ಹಗುರವಾಗುತ್ತದೆ, ಅಷ್ಟೆ.

ಆದರೆ ಎಣಿಕೆ ಸರಿಯಾದ ಮಾತ್ರಕ್ಕೆ ವಾಕ್ಯ ಸರಿಯಾಗಲಿಲ್ಲ. ‘ಏಕೆಂದರೆ’ಗೂ ‘ಆದ್ದರಿಂದ’ಕ್ಕೂ ಬೇರೆ ಬೇರೆ ಕೀಲುಗಳಿವೆಯಾದರೂ, ನಡುವಿನ ‘ಅಳತೆ ಪೂರ್ಣಗೊಂಡಿಲ್ಲ’ ಎಂಬ ಒಂದೇ ಕಾರಣವನ್ನು ಎರಡೂ ಕಡೆಯಿಂದ ಎಳೆಯಲಾಗಿದೆ. ಎಡಕ್ಕೆ ‘ಕೆಲಸ ಆರಂಭಿಸಿಲ್ಲ’ ಎಂಬ ಫಲ, ಬಲಕ್ಕೆ ‘ವಿಳಂಬವಾಗಿದೆ’ ಎಂಬ ಫಲ. ಆರಂಭವಾಗದ ಕೆಲಸ ವಿಳಂಬವಾಗಿದೆ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ. ಜೋಡಣೆಯ ಪದ ಇಮ್ಮಡಿಯಾದಲ್ಲೆಲ್ಲ ಹೀಗೆ ವಿಷಯವೂ ಇಮ್ಮಡಿಯಾಗಿದೆಯೇ ಎಂದು ನೋಡುವುದು ಒಳ್ಳೆಯದು. ಬಲಗಡೆಯ ಫಲವನ್ನು ಬಿಟ್ಟು, ಕಾರಣವನ್ನು ಅದರ ಸಹಜ ಜಾಗಕ್ಕೆ ತಂದರೆ ವಾಕ್ಯ ಹೀಗಾಗುತ್ತದೆ: ‘ಕಾಮಗಾರಿಗೆ ಅನುಮೋದನೆ ದೊರೆತು ಆರು ತಿಂಗಳು ಕಳೆದಿದ್ದರೂ, ಜಾಗದ ಅಳತೆ ಪೂರ್ಣಗೊಳ್ಳದ ಕಾರಣ ಗುತ್ತಿಗೆದಾರರು ಕೆಲಸವನ್ನು ಆರಂಭಿಸಿಲ್ಲ.’ ಇಲ್ಲಿ ‘ರೂ’ ಉಂಟು, ‘ಕಾರಣ’ವೂ ಉಂಟು, ಆದರೆ ಒಂದು ವಿರೋಧವನ್ನೂ ಇನ್ನೊಂದು ಹೇತುವನ್ನೂ ಹೇಳುವುದರಿಂದ ಒಂದರ ಕೆಲಸವನ್ನು ಇನ್ನೊಂದು ಮಾಡುತ್ತಿಲ್ಲ.

ತಿದ್ದುವವರು ಎಡವುವುದೂ ಇಲ್ಲಿಯೇ. ಒಂದು ವಾಕ್ಯದಲ್ಲಿ ‘ರೂ’ ಮತ್ತು ‘ಆದರೆ’ ಎರಡೂ ಕಂಡ ಮಾತ್ರಕ್ಕೆ ಒಂದನ್ನು ಅಳಿಸಬಾರದು. ‘ಮಳೆ ಸುರಿಯುತ್ತಿದ್ದರೂ ಆಟ ನಡೆಯಿತು, ಆದರೆ ನೋಡುವವರು ಹೆಚ್ಚಿರಲಿಲ್ಲ’ ಎಂಬುದು ನಿರ್ದೋಷವಾದ ವಾಕ್ಯ. ಅದರಲ್ಲಿ ಮೂರು ಸಂಗತಿಗಳೂ ಎರಡು ಕೀಲುಗಳೂ ಇವೆ. ‘ಒಂದು ವೇಳೆ ಅವರು ಬಂದರೆ’, ‘ಎಷ್ಟೇ ಕೂಗಿದರೂ’, ‘ಯಾವಾಗ ಕರೆದರೋ ಆಗ’ ಎಂಬಂಥ ಜೋಡಿಗಳನ್ನೂ ಮುಟ್ಟಬೇಕಾಗಿಲ್ಲ. ಅವುಗಳಲ್ಲಿ ಮೊದಲ ಪದ ಮುಂದಿನ ರೂಪಕ್ಕೆ ಮುನ್ಸೂಚನೆ ಕೊಡುತ್ತದೆ, ಮತ್ತು ಆ ಜೊತೆಗಾರಿಕೆ ನುಡಿಯಲ್ಲಿ ನೆಲೆಗೊಂಡಿದೆ.

ಜೋಡಿ ಪದಗಳನ್ನು ಬಳಸುವುದೇ ತರ್ಕಕ್ಕೆ ವಿರುದ್ಧ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಸಂಸ್ಕೃತದಲ್ಲಿ ‘ಯದ್ಯಪಿ’ ಬಂದರೆ ಅದರ ಜೊತೆಗೆ ‘ತಥಾಪಿ’ ಬರುತ್ತದೆ. ಹಿಂದಿಯಲ್ಲಿ ‘ಹಾಲಾಂಕಿ’ ಎಂದು ಆರಂಭಿಸಿ ‘ಲೇಕಿನ್’ ಎಂದು ಮುಂದುವರಿಯುವುದು ಸಾಮಾನ್ಯ. ಚೀನೀ ಭಾಷೆಯಲ್ಲಿ ವಿರೋಧಕ್ಕೂ ಕಾರಣಕ್ಕೂ ಇಂಥ ಜೋಡಿಗಳೇ ವಾಡಿಕೆ. ಇಂಗ್ಲಿಷ್ ಮಾತ್ರ ಕನ್ನಡದ ಹಾಗೆ ಒಂದು ಕೀಲಿಗೆ ಒಂದೇ ಪದ ಸಾಕೆನ್ನುತ್ತದೆ. ‘ಆಲ್ದೋ’ ಎಂದು ಆರಂಭಿಸಿದ ವಾಕ್ಯದಲ್ಲಿ ಅದೇ ಕೀಲಿಗೆ ‘ಬಟ್’ ಬರಬಾರದು, ‘ಬಿಕಾಸ್’ ಇದ್ದರೆ ‘ಸೋ’ ಬರಬಾರದು. ‘ಆಲ್ದೋ’ ಆಗಲಿ ‘ಬಿಕಾಸ್’ ಆಗಲಿ ತಾನು ಹಿಡಿದ ಭಾಗವನ್ನು ಅಧೀನ ಮಾಡಿಬಿಡುತ್ತದೆ, ‘ಬಟ್’, ‘ಸೋ’ಗಳಿಗೆ ಎರಡೂ ಕಡೆ ಸ್ವತಂತ್ರ ಭಾಗಗಳು ಬೇಕು. ‘ಆಲ್ದೋ’ ಇರುವ ವಾಕ್ಯದಲ್ಲಿ ‘ಯೆಟ್’ ಅಥವಾ ‘ಸ್ಟಿಲ್’ ಬಂದರೆ ನಡೆಯುತ್ತದೆ, ಅಲ್ಲಿ ಅವು ಕ್ರಿಯಾವಿಶೇಷಣಗಳಾಗಿ ನಿಂತಿರುತ್ತವೆ.

ಅನುವಾದದಲ್ಲಿ ಇನ್ನೊಂದು ಬಗೆಯ ಇಮ್ಮಡಿ ನುಸುಳುತ್ತದೆ. ಇಂಗ್ಲಿಷಿನ ‘ಆಲ್ದೋ’ ವಾಕ್ಯದ ತಲೆಯಲ್ಲಿ ಬರುವುದನ್ನು ನೋಡಿ, ಕನ್ನಡದಲ್ಲಿಯೂ ತಲೆಗೊಂದು ಪದ ಬೇಕೆಂದು ‘ಆದಾಗ್ಯೂ ಮಳೆ ಸುರಿಯುತ್ತಿತ್ತು, ಆದರೆ ಆಟ ನಡೆಯಿತು’ ಎಂದು ಬರೆಯುತ್ತಾರೆ. ‘ಆದಾಗ್ಯೂ’ ಎಂಬುದು ಹಿಂದೆ ಹೇಳಿ ಮುಗಿಸಿದ ಮಾತಿನತ್ತ ಬೊಟ್ಟು ಮಾಡುವ ಪದ. ಅದನ್ನು ವಾಕ್ಯದ ತಲೆಯಲ್ಲಿ ಕಂಡ ಓದುಗರು, ಮಳೆ ಸುರಿದದ್ದೇ ಹಿಂದಿನ ಯಾವುದೋ ಮಾತಿಗೆ ವಿರೋಧ ಎಂದು ತಿಳಿಯುತ್ತಾರೆ. ಇಲ್ಲಿ ಪದ ಹೆಚ್ಚಾಗಿರುವುದಷ್ಟೇ ಅಲ್ಲ, ಅರ್ಥವೇ ದಾರಿ ತಪ್ಪಿದೆ. ‘ಆದಾಗ್ಯೂ’ವನ್ನು ತೆಗೆದು ‘ಆದರೆ’ಯನ್ನು ಉಳಿಸಬೇಕು, ಇಲ್ಲವೇ ಎರಡನ್ನೂ ತೆಗೆದು ‘ಸುರಿಯುತ್ತಿದ್ದರೂ’ ಎನ್ನಬೇಕು.

ನಿಮ್ಮ ಬರಹದಲ್ಲಿ ಇಂಥ ಜಾಗಗಳನ್ನು ಹುಡುಕಲು, ಕಂಪ್ಯೂಟರಿನಲ್ಲಿ ‘ರೂ, ಆದರೆ’, ‘ರಿಂದ, ಆದ್ದರಿಂದ’, ‘ಕಾರಣ, ಆದ್ದರಿಂದ’ ಎಂಬ ಜೋಡಿಗಳನ್ನು ಅಲ್ಪವಿರಾಮದ ಸಮೇತವೂ ಅದಿಲ್ಲದೆಯೂ ಹುಡುಕಿ ನೋಡಿ. ಉದ್ದನೆಯ ಅಧೀನ ಭಾಗದ ನಂತರ ಅಲ್ಪವಿರಾಮ ಹಾಕಿ ಉಸಿರು ತೆಗೆದುಕೊಳ್ಳುವಾಗ, ಹಿಂದಿನ ‘ರೂ’ ಮರೆತುಹೋಗಿ ‘ಆದರೆ’ ತಾನಾಗಿ ಬಂದುಬಿಡುತ್ತದೆ. ‘ಏಕೆಂದರೆ’ಯ ದೋಷ ಈ ಹುಡುಕಾಟದಲ್ಲಿ ಸಿಗುವುದಿಲ್ಲ, ಅದರ ಜೋಡಿ ದೂರದಲ್ಲಿ, ವಾಕ್ಯದ ತುದಿಯಲ್ಲಿರುತ್ತದೆ. ಪ್ರತಿಯೊಂದು ‘ಏಕೆಂದರೆ’ಯಿಂದ ಮುಂದಿನ ಪೂರ್ಣವಿರಾಮದವರೆಗೆ ಹೋಗಿ, ಅಲ್ಲಿರುವ ಕೊನೆಯ ಪದ ‘ಬಂದಿರಲಿಲ್ಲ’ ಎಂಬಂಥ ಪೂರ್ಣ ಕ್ರಿಯಾಪದವೇ ಅಥವಾ ‘ಬಾರದಿದ್ದುದರಿಂದ’ ಎಂಬಂಥ ತೂಗಾಡುವ ರೂಪವೇ ಎಂದು ನೋಡಬೇಕಾಗುತ್ತದೆ.